ಪದಚರ್ಚೆ: ಪಾಲಿಸೈಕ್ಲಿಕ್ ಆರೊಮ್ಯಾಟಿಕ್ ಹೈಡ್ರೊಕಾರ್ಬನ್‌ಗೆ ಏನೆನ್ನೋಣ? ಸಂಜೆಯೊಳಗೆ ಬೇಕು

ಮಂಜುಳಾ, ಚಿಂತಾಮಣಿ:
ಇಲ್ಲಿ ಒಣಮೀನು, ಉಪ್ಪುಕಂಡ ಮಾಡಿ ಮಾರುವ ಹೆಂಗಸರಿಗಾಗಿ ಬೋರ್ಡು ಬರೆಯುತ್ತಿದ್ದೇನೆ. ಕೊಟ್ಟಿರುವ ಇಂಗ್ಲಿಷ್ ಸಾಲಿನ ಅರ್ಥ ಇದು: ಹೊಗೆ ಹಾಕಿದ, ಬಿಸಿಲಲ್ಲಿ ಒಣಗಿಸಿದ ಮೀನು-ಮಾಂಸದಲ್ಲಿ ಇವು ಇರುತ್ತವೆ, ಕ್ಯಾನ್ಸರ್ ತರುತ್ತವೆ. ನಾನು 'ಬಹುಚಕ್ರೀಯ ಸುಗಂಧ ಹೈಡ್ರೊಕಾರ್ಬನ್' ಎಂದು ಬರೆದೆ. ಓದಿದವರು 'ಸೆಂಟು ಹಾಕಿದ್ದಾ?' ಅಂದರು.

ನಂಜುಂಡಯ್ಯ, ತುಮಕೂರು:
ಬಹು, ಚಕ್ರ, ಸುಗಂಧ ಮೂರೂ ಸಂಸ್ಕೃತ. ಉಳಿದದ್ದು ಇಂಗ್ಲಿಷ್. ಕನ್ನಡ ಎಲ್ಲಿದೆ? 'ಹಲವುಂಗುರದ ಕಂಪುಕರಿ' ಎನ್ನಿ.

ರಹಮತ್, ಕೋಲಾರ:
ಕಂಪು ಬೇಡ ಸಾರ್. ಮೊದಲು ಸಿಕ್ಕ ಬೆಂಜೀನ್ ಜಾತಿಯ ಕೆಲವಕ್ಕೆ ವಾಸನೆ ಇತ್ತು, ಅದಕ್ಕೆ ಇಟ್ಟ 'ಆರೊಮ್ಯಾಟಿಕ್' ಹೆಸರೇ ನಿಂತಿತು. ಈಗ ಅದು ಉಂಗುರದ ಕಟ್ಟನ್ನು ಹೇಳುತ್ತದೆ, ಅಷ್ಟೇ.

ಮಂಜುಳಾ ಅವರೇ, ಪದಕ್ಕಿಂತ ಸಾಲೇ ತಪ್ಪಿದೆ. ಬಿಸಿಲು ಇವನ್ನು ಹುಟ್ಟಿಸುವುದಿಲ್ಲ. ಕಟ್ಟಿಗೆಯೋ ಕೊಬ್ಬೋ ಗಾಳಿ ಸಾಲದೆ ಅರೆಬರೆ ಉರಿದಾಗ ಹುಟ್ಟುತ್ತವೆ. ಉಪ್ಪುಕಂಡವನ್ನು ಒಲೆಯ ಮೇಲೆ ದಾರಕ್ಕೆ ಪೋಣಿಸಿ ಕಟ್ಟಿದರೆ, ಕೊಬ್ಬು ಕರಗಿ ಕೆಂಡಕ್ಕೆ ತೊಟ್ಟಿಕ್ಕುತ್ತದೆ. ಅದು ಉರಿದು ಎದ್ದ ಹೊಗೆ ಅದೇ ಮಾಂಸಕ್ಕೆ ಅಂಟುತ್ತದೆ. ಬಿಸಿಲಲ್ಲಿ ಒಣಗಿಸಿದ್ದಕ್ಕೂ ಬರಬಹುದು, ಆದರೆ ಲಾರಿ ಓಡಾಡುವ ರಸ್ತೆ ಬದಿಯಲ್ಲಿ ಹರಡಿದ್ದರೆ, ಇಲ್ಲಾ ಆಮೇಲೆ ಕೆಂಡದಲ್ಲಿ ಸುಟ್ಟರೆ. ಎರಡನ್ನೂ ಒಂದೇ ಸಾಲಲ್ಲಿ ಸೇರಿಸಿದರೆ ಬಿಸಿಲಲ್ಲಿ ಶುಚಿಯಾಗಿ ಒಣಗಿಸುವವಳ ವ್ಯಾಪಾರ ಸುಮ್ನೆ ಹಾಳಾಗುತ್ತೆ.

ಗೌರಮ್ಮ, ಬಾಗೇಪಲ್ಲಿ:
ನಮ್ಮಮ್ಮ ಒಲೆ ಮೇಲೇ ಕಟ್ಟುತ್ತಿದ್ದರು, ಯಾರಿಗೂ ಏನೂ ಆಗಲಿಲ್ಲ. ಉಪ್ಪು ಜಾಸ್ತಿಯಾದರೆ ತೊಂದರೆ ಅಲ್ವಾ? ಬಿಸಿನೀರಲ್ಲಿ ನೆನೆಸಿದರೆ ಸಾಕು.

ರಹಮತ್:
ಉಪ್ಪಿನ ಮಾತೇ ಬೇರೆ ಅಮ್ಮ. ನೆನೆಸಿದರೆ ಉಪ್ಪು ಹೋಗುತ್ತೆ, ಮೇಲಿನ ಮಸಿಯೂ ಸ್ವಲ್ಪ ಹೋಗುತ್ತೆ. ಇವು ಕರಗುವುದು ಕೊಬ್ಬಿನಲ್ಲಿ, ನೀರಲ್ಲಲ್ಲ. ಹೊಗೆ ಹಾಕಿದ ಮೀನಿನಲ್ಲಿ ಜಾಸ್ತಿ ಪಾಲು ಚರ್ಮದಲ್ಲೇ ಇರುತ್ತದೆ, ಅದನ್ನು ಸುಲಿದರೆ ಕಡಿಮೆಯಾಗುತ್ತೆ. ಕಣ್ಣಲ್ಲಿ ನೋಡಿ ಅಳೆಯಲು ಆಗಲ್ಲ. ಈ ಕುಟುಂಬದಲ್ಲಿ ಬೆಂಜೊಪೈರೀನ್ ಅಂತ ಒಂದಿದೆ, ಯುರೋಪಿನಲ್ಲಿ ಹೊಗೆ ಹಾಕಿದ ಮೀನಿನಲ್ಲಿ ಅದಕ್ಕೆ ಮಿತಿ ಕಿಲೋಗೆ 2 ಮೈಕ್ರೊಗ್ರಾಂ. ಅಷ್ಟು ಸಣ್ಣದನ್ನು ಲ್ಯಾಬಿನಲ್ಲೇ ಹಿಡಿಯಬೇಕು.

'ಕ್ಯಾನ್ಸರ್ ತರುತ್ತವೆ' ಎಂದು ಎಲ್ಲಕ್ಕೂ ಬರೆಯಬೇಡಿ. ಬೆಂಜೊಪೈರೀನ್ ಮನುಷ್ಯರಿಗೆ ಕ್ಯಾನ್ಸರ್ ತರುವಂಥದ್ದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಮೊದಲ ಗುಂಪಿಗೆ ಹಾಕಿದೆ. ಈ ಕುಟುಂಬದ ಬೇರೆ ಎಷ್ಟೋ ಅಲ್ಲಿಲ್ಲ. ಆ ಗುಂಪು ಪುರಾವೆ ಎಷ್ಟು ಗಟ್ಟಿ ಎನ್ನುವುದಕ್ಕೆ, ಒಂದು ತುತ್ತು ಎಷ್ಟು ಅಪಾಯ ಎನ್ನುವುದಕ್ಕಲ್ಲ.

ಮಂಜುಳಾ:
ಹಾಗಾದರೆ ಬೋರ್ಡಿಗೆ: 'ಒಲೆ ಹೊಗೆಯ ಮಸಿಯಲ್ಲಿ ಕ್ಯಾನ್ಸರ್ ತರಬಲ್ಲ ವಿಷ ಇರುತ್ತದೆ. ಒಲೆ, ರಸ್ತೆಯಿಂದ ದೂರ, ಬಲೆ ಮುಚ್ಚಿ ಬಿಸಿಲಲ್ಲಿ ಒಣಗಿಸಿ.' ಸರಿಯಾ?

ರಹಮತ್:
ಬೋರ್ಡಿಗೆ ಸಾಕು. ಲ್ಯಾಬ್ ವರದಿಗೆ ಮಸಿ ಸಾಲದು, ಅಲ್ಲಿ ಉದ್ದ ಹೆಸರೇ ಇರಲಿ.

ನಂಜುಂಡಯ್ಯ:
ಮಸಿ ಒಳ್ಳೆಯ ಪದ, ಒಪ್ಪಿದೆ. ಕ್ಯಾನ್ಸರ್ ಯಾಕೆ? 'ಏಡಿಗಂತಿ' ಇದೆಯಲ್ಲ.

ಮಂಜುಳಾ:
ಮೀನಂಗಡಿ ಮುಂದೆ 'ಏಡಿ' ಅಂತ ಬರೆದರೆ ಏಡಿ ತಿಂದರೆ ಬರುತ್ತೆ ಅಂದುಕೊಳ್ಳುತ್ತಾರೆ ಸಾರ್. ಕ್ಯಾನ್ಸರ್ ಅಂತಲೇ ಬರೆಯುತ್ತೇನೆ.

ನಂಜುಂಡಯ್ಯ:
ಬರೆಯಿರಿ. ನಾನು ಒಪ್ಪಿಲ್ಲ.