ಸಹಾಯ ಬೇಕು: ವಯಸ್ಸಿನ ಕೋಷ್ಟಕದಲ್ಲಿ ಶೇಕಡಾ 100 ಆಗ್ತಿಲ್ಲ

ನಮಸ್ಕಾರ. ಪುಣೆಯ ಪಿಂಪ್ರಿಯಲ್ಲಿ ನಮ್ಮ ಕನ್ನಡ ಬಳಗದವರು ಮನೆಮನೆಗೆ ಹೋಗಿ 212 ಫಾರ್ಮ್ ತುಂಬಿಸಿದ್ದಾರೆ. ಎಕ್ಸೆಲ್‌ಗೆ ಹಾಕಿದವರು ನಾಲ್ಕು ಜನ. ಹಾಗಾಗಿ 31-45 ಎಂಬ ಒಂದೇ ಗುಂಪು ಮೂರು ರೂಪದಲ್ಲಿದೆ: ಒಂದರ ಕೊನೆಗೆ ಖಾಲಿ ಜಾಗ, ಇನ್ನೊಂದರಲ್ಲಿ ಉದ್ದ ಗೆರೆ. ಪಕ್ಕದ D ಕಾಲಂನಲ್ಲಿ ಹೀಗೆ ಸರಿ ಮಾಡಿದೆ:

```
=SUBSTITUTE(TRIM(C2),"–","-")
```

ಆದರೂ ಮೊತ್ತ ಸುಮಾರು 96ಕ್ಕೇ ನಿಂತಿತು. ಅರ್ಧ ದಿನ ಹುಡುಕಿದ ಮೇಲೆ ಕಾರಣ ಸಿಕ್ಕಿತು. ಒಂಬತ್ತು ಜನ ವಯಸ್ಸು ಹೇಳಿಲ್ಲ. ಆ ಸಾಲುಗಳು ಖಾಲಿ ಕಂಡರೂ ಒಳಗೆ ಸೂತ್ರ ಇದೆ ಅಲ್ವಾ, `COUNTA` ಅವನ್ನೂ ಎಣಿಸಿ 212ರಿಂದ ಭಾಗಿಸುತ್ತಿತ್ತು. ಈಗ ಗುಂಪುಗಳ ಮೊತ್ತ 203ರಿಂದಲೇ ಭಾಗಿಸುತ್ತಿದ್ದೇನೆ. ಒಂಬತ್ತು ಜನರನ್ನು ಕೋಷ್ಟಕದ ಕೆಳಗೆ ಬೇರೆಯಾಗಿ ತೋರಿಸುತ್ತೇನೆ.

ಉಳಿದದ್ದು ಒಂದೇ ತೊಡಕು. ಎಣಿಕೆ 57, 72, 49, 25. ದಶಮಾಂಶ ಬಿಟ್ಟರೆ ಶೇಕಡಾ 28, 35, 24, 12. ಕೂಡಿದರೆ 99! ಒಂದು ದಶಮಾಂಶ ಇಟ್ಟರೆ 28.1, 35.5, 24.1, 12.3, ಸರಿಯಾಗಿ 100. ಆದರೆ ನಮ್ಮ ಹಿರಿಯರಿಗೆ ಪೂರ್ಣ ಸಂಖ್ಯೆಯೇ ಬೇಕಂತೆ. 35.47ರಲ್ಲಿ ಬಿಟ್ಟ ಭಾಗ ಎಲ್ಲಕ್ಕಿಂತ ಜಾಸ್ತಿ, ಅದನ್ನೇ 36 ಮಾಡಬಹುದೇ? ಸುಮ್ನೆ ಅಂಕಿ ತಿದ್ದಿದಂತೆ ಅನಿಸಿ ಕೈ ಓಡುತ್ತಿಲ್ಲ. ಅಥವಾ 99 ಹಾಗೇ ಬಿಟ್ಟು ಕೆಳಗೆ ಕಾರಣ ಬರೆಯಲೇ? ವರದಿ ಮಾಡಿ ಅನುಭವ ಇರುವವರು ದಯವಿಟ್ಟು ಹೇಳಿ. ಭಾನುವಾರ ಸಭೆಗೆ ಕೊಡಬೇಕು.