ವೈರಿಂಗ್ ಎಸ್ಟಿಮೇಟಿನ ಒಟ್ಟು ಲೋಡ್ ಸರಿ ಇದೆಯೇ? ಮೀಟರಿನಿಂದ ಮನೆಯೊಳಗಿನ ಡಿಬಿ ಪೆಟ್ಟಿಗೆಗೆ 4 ಎಂಎಂ ವೈರ್ ಸಾಕೇ?

ದಾವಣಗೆರೆ ಹೊಸಮನೆ: ತಾರಸಿ ಮುಗಿದಿದೆ, ವೈರ್ ಇನ್ನೂ ಎಳೆದಿಲ್ಲ. ಎಸ್ಟಿಮೇಟ್ ಹೀಗಿದೆ: ಲೈಟ್ 20ಕ್ಕೆ 800 ವ್ಯಾಟ್, ಫ್ಯಾನ್ 6ಕ್ಕೆ 360, ಸಣ್ಣ ಪ್ಲಗ್ 15ಕ್ಕೆ 1,500, ಪವರ್ ಪಾಯಿಂಟ್ 5ಕ್ಕೆ 5,000, ಗೀಸರ್ 2ಕ್ಕೆ 4,000, ಒಂದು ಎಚ್‌ಪಿ ಮೋಟಾರಿಗೆ 746. ಒಟ್ಟು 12,406. ಗೇಟಿನ ಬಳಿ ಇರುವ ಮೀಟರಿನಿಂದ ಡಿಬಿಗೆ ಸುಮಾರು 30 ಮೀಟರ್, ಅದಕ್ಕೆ 4 ಎಂಎಂ ಎಂದು ಬರೆದಿದ್ದಾರೆ. ಅನುಭವ ಇರುವವರು ಹೇಳಿ.

ಮೈಸೂರು ಎರಡನೇ ಮಹಡಿ: ನನ್ನ ಮನೆಗೂ 4 ಎಂಎಂ ಎಳೆದಿದ್ದರು, ಆ ಸಂಕಟವನ್ನು ಇವತ್ತಿಗೂ ಮರೆತಿಲ್ಲ. ಮೀಟರ್ ಕೆಳಗೆ, ನಮ್ಮ ಡಿಬಿ ಮೇಲೆ, ಪೈಪಿನ ದಾರಿ 32 ಮೀಟರ್. ಬೆಳಿಗ್ಗೆ ಎರಡೂ ಗೀಸರ್ ಹಾಕಿ ಮೋಟಾರ್ ಚಾಲೂ ಮಾಡಿದರೆ ಅಡುಗೆಮನೆಯ ದೀಪ ಮಂಕಾಗುತ್ತಿತ್ತು. ವಿದ್ಯುತ್ ಕಂಪನಿಯ ಕಡೆಯಿಂದಲೇ ವೋಲ್ಟೇಜ್ ಕಡಿಮೆ ಬರುತ್ತಿದೆ ಎಂದು ವರ್ಷವಿಡೀ ದೂರು ಕೊಟ್ಟೆ. ಕೊನೆಗೆ ಒಬ್ಬರು ಬಂದು, ಎಲ್ಲವೂ ಓಡುತ್ತಿರುವಾಗಲೇ ಎರಡು ಕಡೆ ಅಳೆದರು. ಮೀಟರಿನಲ್ಲಿ 224, ಡಿಬಿಯಲ್ಲಿ 214. ಹತ್ತು ವೋಲ್ಟ್ ನಮ್ಮದೇ ಗೋಡೆಯೊಳಗೆ ಕರಗುತ್ತಿತ್ತು!

10 ಎಂಎಂ ಹಾಕಿಸಿದೆ. ವೈರ್ 66 ಮೀಟರಿಗೆ 9,240, ಗೋಡೆ ಕೊರೆಯಲು 4,500, ಸಿಮೆಂಟ್ ಮತ್ತು ಪುಟ್ಟಿಗೆ 3,800, ಬಣ್ಣಕ್ಕೆ 11,000, ಕೂಲಿ 5,000. ಒಟ್ಟು 33,540 ರೂಪಾಯಿ. ಮೊದಲೇ ಹಾಕಿದ್ದರೆ ಹೆಚ್ಚಿಗೆ ಬೀಳುತ್ತಿದ್ದುದು ಆರು ಸಾವಿರ. ಈಗ ಅದೇ ಹೊತ್ತಿನಲ್ಲಿ ಅಳೆದರೆ ನಾಲ್ಕು ವೋಲ್ಟ್ ಮಾತ್ರ ವ್ಯತ್ಯಾಸ.

ತೀರ್ಥಹಳ್ಳಿ ತೋಟದ ಮನೆ: ಇಷ್ಟೆಲ್ಲ ಹೆದರಿಸಬೇಡಿ. ನಮ್ಮ ಮನೆಗೂ 4 ಎಂಎಂ, ಆರು ವರ್ಷವಾಯಿತು. ಶುರುವಿನಲ್ಲಿ 25 ಆಂಪಿಯರ್ ಎಂಸಿಬಿ ದಿನಾ ಬೀಳುತ್ತಿತ್ತು. 40 ಆಂಪಿಯರಿನದು ಹಾಕಿಸಿದೆ, ಅಂದಿನಿಂದ ಒಮ್ಮೆಯೂ ಬಿದ್ದಿಲ್ಲ. ತೋಟದ 5 ಎಚ್‌ಪಿ ಪಂಪಿಗೆ 180 ಮೀಟರ್ ಅಲ್ಯೂಮಿನಿಯಂ ಕೇಬಲ್ ಎಳೆದವನು ನಾನು, ಕೇಬಲ್ ಎಂದರೇನು ಎಂದು ನನಗೂ ಗೊತ್ತಿದೆ.

ಹುಬ್ಬಳ್ಳಿ ವೈರಿಂಗ್, 26 ವರ್ಷ: ತೋಟದ ಮನೆಯವರೇ, ಎಂಸಿಬಿ ಇರುವುದು ವೈರನ್ನು ಕಾಯಲು. ಪೈಪಿನೊಳಗಿನ 4 ಎಂಎಂ ತಾಮ್ರ ಸುಮಾರು 25 ಆಂಪಿಯರ್ ತಡೆಯುತ್ತದೆ. ಅದಕ್ಕೆ 40ರ ಎಂಸಿಬಿ ಹಾಕಿದರೆ 35 ಆಂಪಿಯರ್ ಗಂಟೆಗಟ್ಟಲೆ ಹರಿದರೂ ಅದು ಬೀಳುವುದಿಲ್ಲ, ವೈರ್ ಮಾತ್ರ ಬೇಯುತ್ತಿರುತ್ತದೆ. ಮೇನ್ ಆಫ್ ಮಾಡಿಸಿ, ತಿಳಿದವರಿಂದ ಡಿಬಿಯ ಮುಚ್ಚಳ ಬಿಚ್ಚಿಸಿ ನೋಡಿ. ಎಂಸಿಬಿಗೆ ಸೇರುವ ಕಡೆ ಕೆಂಪು ವೈರಿನ ಕೊನೆಯ ಎರಡು ಅಂಗುಲ ಕಂದಾಗಿ, ಉಗುರಿನಿಂದ ಒತ್ತಿದರೆ ಗಟ್ಟಿಯಾಗಿದ್ದರೆ ನಿಮ್ಮ ಆರು ವರ್ಷದ ಲೆಕ್ಕ ಅಲ್ಲೇ ಇದೆ.

ಈಗ ಎಸ್ಟಿಮೇಟ್ ವಿಷಯ. ನಾನು ಕಸುಬಿಗೆ ಇಳಿದ ಹೊಸದರಲ್ಲಿ ಇದೇ ತಪ್ಪು ಮಾಡಿ, ಒಬ್ಬರಿಗೆ ಬೇಡದ ಎರಡು ಕಿಲೋವ್ಯಾಟಿಗೆ ವರ್ಷಗಟ್ಟಲೆ ನಿಗದಿತ ಶುಲ್ಕ ಕಟ್ಟಿಸಿದ್ದೇನೆ. ಗೀಸರ್ ಕೂರುವುದು ಪವರ್ ಪಾಯಿಂಟಿಗೇ. ಆ ಐದರಲ್ಲಿ ಎರಡು ಬಚ್ಚಲುಮನೆಯವಾಗಿದ್ದರೆ ಅವು ಒಮ್ಮೆ ಸಾವಿರದಂತೆ, ಇನ್ನೊಮ್ಮೆ ಗೀಸರ್ ಎಂದು ಎರಡು ಸಾವಿರದಂತೆ ಎಣಿಕೆಯಾಗಿವೆ. ಎರಡು ಸಾವಿರ ಕಳೆಯಿರಿ, 10,406 ಉಳಿಯುತ್ತದೆ. ಮೋಟಾರಿನಲ್ಲಿ ತಪ್ಪು ಇನ್ನೊಂದು ದಿಕ್ಕಿಗೆ. 746 ಎಂಬುದು ಅದು ಕೊಡುವ ಶಕ್ತಿ, ಎಳೆಯುವುದು ಸುಮಾರು 1,100.

ಆದರೆ ವೈರ್ ಆರಿಸಲು ಈ ಒಟ್ಟು ಮೊತ್ತ ಬೇಕಾಗಿಲ್ಲ. ಬೆಳಿಗ್ಗೆ ಏಳು ಗಂಟೆಗೆ ನಿಮ್ಮ ಮನೆಯಲ್ಲಿ ಏನೇನು ಒಟ್ಟಿಗೆ ಓಡುತ್ತದೆ ಎಂದು ನೋಡಿ. ಗೀಸರ್ ಎರಡು 4,000, ಮೋಟಾರ್ 1,100, ಮಿಕ್ಸಿ 750, ಫ್ರಿಜ್ 150, ದೀಪ ಮತ್ತು ಫ್ಯಾನ್ 400. ಒಟ್ಟು 6,400. ಸಿಂಗಲ್ ಫೇಸ್ ಆದರೆ 230ರಿಂದ ಭಾಗಿಸಿ, ಹತ್ತಿರ ಹತ್ತಿರ 28 ಆಂಪಿಯರ್. 4 ಎಂಎಂ ಇಲ್ಲೇ ಸೋತಿತು. 6 ಎಂಎಂ ಬಿಸಿ ತಡೆಯುತ್ತದೆ, ಆದರೆ ಅದರ ಮಿತಿಯೂ ಪೈಪಿನಲ್ಲಿ 31ರ ಸುಮಾರು. ಮೇನಿಗೆ 32ರ ಎಂಸಿಬಿ ಹಾಕುವವನು ನಾನಾದರೆ 10 ಎಂಎಂ ಎಳೆಯುತ್ತೇನೆ.

ಶಿವಮೊಗ್ಗ ಗೃಹಿಣಿ: ಒಟ್ಟು ಸರಿ ಬಂದರೆ ಸಾಲದು ಅಣ್ಣ, ಹಂಚಿಕೆಯನ್ನೂ ಕೇಳಬೇಕು. ನಮ್ಮದು ತ್ರೀ ಫೇಸ್, 10 ಕಿಲೋವ್ಯಾಟ್. ಕಾಗದದಲ್ಲಿ ಎಲ್ಲವೂ ಚೆನ್ನಾಗಿತ್ತು. ಆದರೆ ಎರಡು ಗೀಸರ್ ಮತ್ತು ನೀರು ಕಾಯಿಸುವ ವಾಷಿಂಗ್ ಮಷಿನ್, ಮೂರನ್ನೂ ಒಂದೇ ಫೇಸಿಗೆ ಕೊಟ್ಟಿದ್ದರು. ಆ ಒಂದರ ಮೇಲೆ 26 ಆಂಪಿಯರ್, ಉಳಿದೆರಡರಲ್ಲಿ ಬರೀ ದೀಪ. ಮಗುವಿನ ಬಟ್ಟೆ ಒಗೆಯಲು ಹಾಕಿ ಅತ್ತೆಯವರು ಸ್ನಾನಕ್ಕೆ ಹೋದರೆ ಇಡೀ ಮನೆಯ ಕರೆಂಟ್ ಹೋಗುತ್ತಿತ್ತು. ನಾಲ್ಕು ತಿಂಗಳು ನನ್ನನ್ನೇ ಬೈದರು. ಸರಿಪಡಿಸಿದ್ದು ಡಿಬಿಯಲ್ಲಿ ಎರಡು ವೈರ್ ಅದಲುಬದಲು ಮಾಡಿ, ಇಪ್ಪತ್ತು ನಿಮಿಷದ ಕೆಲಸ, 600 ರೂಪಾಯಿ. ಇವರೂ ತ್ರೀ ಫೇಸನ್ನೇ ತೆಗೆದುಕೊಳ್ಳಲಿ.

ಮೈಸೂರು ಎರಡನೇ ಮಹಡಿ: ಮೂರು ಕೋಣೆಯ ಮನೆಗೆ ತ್ರೀ ಫೇಸ್ ಏಕೆ? ನ್ಯೂಟ್ರಲ್ ಕಿತ್ತರೆ ಟಿವಿ, ಫ್ರಿಜ್ ಎಲ್ಲ ಸುಟ್ಟುಹೋಗುತ್ತವೆ. ನಮ್ಮ ಎದುರು ಮನೆಯಲ್ಲಿ ಹಾಗೆಯೇ ಆಗಿದೆ.

ಶಿವಮೊಗ್ಗ ಗೃಹಿಣಿ: ನ್ಯೂಟ್ರಲ್ ಕಿತ್ತದ್ದು ಬಿಗಿ ಮಾಡದವನ ತಪ್ಪು. ಒಂದು ಫೇಸ್ ಹೋದಾಗ ನಮ್ಮ ಮನೆಯಲ್ಲಿ ದೀಪ ಉರಿಯುತ್ತದೆ, ನಿಮ್ಮ ಮನೆಯಲ್ಲಿ ಉರಿಯುತ್ತದೆಯೇ?

ತೀರ್ಥಹಳ್ಳಿ ತೋಟದ ಮನೆ: ಬಿಚ್ಚಿಸಿ ನೋಡಿದೆ. ವೈರಿನ ತುದಿಯ ಬಣ್ಣ ಬದಲಾಗಿರುವುದು ನಿಜ. ಆದರೆ ಸ್ಕ್ರೂ ಸಡಿಲವಾಗಿತ್ತು, ಬಿಸಿಯಾದದ್ದು ಅದರಿಂದ. ವೈರ್ ಸಣ್ಣದೆಂದು ನಾನು ಒಪ್ಪುವುದಿಲ್ಲ.

ಹುಬ್ಬಳ್ಳಿ ವೈರಿಂಗ್, 26 ವರ್ಷ: ಸ್ಕ್ರೂ ಸಡಿಲವಾದರೂ ತುದಿ ಬಿಸಿಯಾಗುತ್ತದೆ, ಅದನ್ನು ಅಲ್ಲಗಳೆಯುವುದಿಲ್ಲ. ಹಾಗಾದರೆ ಬಿಗಿ ಮಾಡಿಸಿ, 25ರ ಎಂಸಿಬಿಯನ್ನೇ ಮತ್ತೆ ಹಾಕಿಸಿ. ಬಿದ್ದರೆ ವೈರ್ ಸಾಲದೆಂದು ಗೊತ್ತಾಗುತ್ತದೆ. ಮಕ್ಕಳು ಮಲಗುವ ಮನೆ ಸ್ವಾಮಿ, ಇದರಲ್ಲಿ ಹಟ ಬೇಡ.

ತೀರ್ಥಹಳ್ಳಿ ತೋಟದ ಮನೆ: ಹಟ ಯಾರದು ಎಂದು ಓದುವವರಿಗೆ ಕಾಣುತ್ತದೆ. ನೀವು 10 ಎಂಎಂ ಮಾರಿದರೆ ನಿಮಗೇ ಲಾಭ.

ಹುಬ್ಬಳ್ಳಿ ವೈರಿಂಗ್, 26 ವರ್ಷ: ನಾನು ಕೂಲಿಗೆ ಮಾತ್ರ ಒಪ್ಪುತ್ತೇನೆ. ವೈರನ್ನು ಮನೆಯವರೇ ತರುತ್ತಾರೆ. ಮಾತು ಹಿಂದಕ್ಕೆ ತೆಗೆದುಕೊಳ್ಳಿ.

ದಾವಣಗೆರೆ ಹೊಸಮನೆ: ದಯವಿಟ್ಟು ಜಗಳ ಬೇಡ. ಎಲೆಕ್ಟ್ರಿಷಿಯನ್ ಅವರನ್ನು ಕೇಳಿದೆ. ಐದು ಪವರ್ ಪಾಯಿಂಟಿನಲ್ಲಿ ಎರಡು ಗೀಸರಿನವೇ ಎಂದು ಒಪ್ಪಿಕೊಂಡು, ಒಟ್ಟನ್ನು ತಿದ್ದಿ ಕೊಡುತ್ತೇನೆ ಎಂದರು. ಸಂಜೆ ನಾನೂ ತಮ್ಮನೂ ಹಗ್ಗ ಹಿಡಿದು ಪೈಪಿನ ದಾರಿಯನ್ನೇ ಅಳೆದೆವು. ಕಾಂಪೌಂಡಿನಿಂದ ಮೇಲೆ ಹತ್ತಿ, ತಾರಸಿಯಲ್ಲಿ ಸುತ್ತಿ, ಡಿಬಿಗೆ ಇಳಿಯುವ ಹೊತ್ತಿಗೆ 30 ಅಲ್ಲ, 41 ಮೀಟರ್! ಈಗ ಹೊಸ ಚಿಂತೆ: ತಾರಸಿಯೊಳಗೆ ಹಾಕಿರುವುದು ಮುಕ್ಕಾಲು ಅಂಗುಲದ ಪೈಪ್. 10 ಎಂಎಂ ಎರಡು ವೈರ್ ಮತ್ತು ಅರ್ಥಿಂಗ್ ಅದರಲ್ಲಿ ಹೋಗುತ್ತವೆಯೇ?

ಹುಬ್ಬಳ್ಳಿ ವೈರಿಂಗ್, 26 ವರ್ಷ: ಅಷ್ಟು ಉದ್ದಕ್ಕೆ, ಅಷ್ಟು ತಿರುವಿನಲ್ಲಿ ಎಳೆಯಲು ಹೋಗಬೇಡಿ, ವೈರಿನ ಮೇಲ್ಪದರ ಹರಿಯುತ್ತದೆ. ಆ ಪೈಪನ್ನು ಹಾಗೆಯೇ ಬಿಡಿ. ಹೊರಗೋಡೆಯ ಮೇಲೆ ಒಂದು ಅಂಗುಲದ ಪೈಪಿನಲ್ಲಿ ನೇರವಾಗಿ ತನ್ನಿ, ದಾರಿಯೂ ಕಡಿಮೆಯಾಗುತ್ತದೆ. ಹೊರಗಿನಿಂದ ಎಷ್ಟು ಮೀಟರ್ ಆಗುತ್ತದೆ ಎಂದು ಅಳೆದು ಬರೆಯಿರಿ.