ಸಹಾಯ ಬೇಕು: ‘ಎರಡು ಮನೆ’ ಎಂದಾಗ ‘ಇದೆ’ಯೋ, ‘ಇವೆ’ಯೋ?

ಎಲ್ಲರಿಗೂ ನಮಸ್ಕಾರ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ನನಗೆ ವಾಕ್ಯಶುದ್ಧಿಯಲ್ಲಿ ಒಂದು ಸಂದೇಹವಿದೆ. ‘ಮೇಷ್ಟರಿಗೆ ಎರಡು ಮನೆಗಳು ಇದ್ದಾರೆ / ಇದೆ / ಇವೆ’ ಎಂಬಲ್ಲಿ ‘ಮೇಷ್ಟರಿಗೆ’ ಚತುರ್ಥಿಯಲ್ಲಿರುವುದರಿಂದ ಕ್ರಿಯಾಪದವು ಅದನ್ನು ಅನುಸರಿಸದೆ, ಪ್ರಥಮಾ ವಿಭಕ್ತಿಯಲ್ಲಿರುವ ‘ಮನೆಗಳು’ ಎಂಬುದನ್ನು ಅನುಸರಿಸಿ ‘ಇವೆ’ ಆಗುತ್ತದೆ. ‘ಮೇಷ್ಟರಿಗೆ ಇಬ್ಬರು ಮಕ್ಕಳು’ ಎಂದು ಬದಲಿಸಿದರೆ ‘ಇದ್ದಾರೆ’ ಸರಿಯಾಗುತ್ತದೆ. ಇಲ್ಲಿಯವರೆಗೆ ತೊಡಕಿಲ್ಲ. ಆದರೆ ಬಹುವಚನ ಪ್ರತ್ಯಯವಿಲ್ಲದೆ ‘ಎರಡು ಮನೆ’ ಎಂದಷ್ಟೇ ಕೊಟ್ಟಾಗ (ಮಾತಿನಲ್ಲಿ ನಾವೆಲ್ಲ ಹೀಗೆಯೇ ಅನ್ನುತ್ತೇವೆ) ನಾಮಪದದ ರೂಪವನ್ನು ನೋಡಿ ‘ಇದೆ’ ಎನ್ನಬೇಕೋ, ಸಂಖ್ಯೆಯನ್ನು ನೋಡಿ ‘ಇವೆ’ ಎನ್ನಬೇಕೋ? ನನಗೆ ‘ಇವೆ’ ಎಂಬುದೇ ಸಮಂಜಸವೆನಿಸುತ್ತದೆ. ಆಯ್ಕೆಗಳಲ್ಲಿ ಎರಡೂ ಇದ್ದರೆ ಯಾವುದನ್ನು, ಯಾವ ನಿಯಮದಂತೆ ಗುರುತಿಸಬೇಕು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಿ.